ಕ್ಷಮೆ ಇರಲಿ, ಲಿಸ್ಟ್ ಕೆಳಗಿದೆ

‘ಮಾನ್ಯರೇ, ಅನಿವಾರ್ಯ ಕಾರಣಗಳಿಂದ ಡೆಲಿವರಿ ತಡವಾಗಿದೆ. ತಮಗಾದ ತೊಂದರೆಗೆ ವಿಷಾದಿಸುತ್ತೇವೆ. ತಮ್ಮ ಆರ್ಡರ್ ಲಿಸ್ಟ್ ಈ ಕೆಳಗಿದೆ.’

ಮುಗೀತು. ಕೆಳಗೆ ಎಕ್ಸೆಲ್‌ನಿಂದ ಎತ್ತಿ ಅಂಟಿಸಿದ ಆರು ಸಾಲು. ಅದರ ಕೆಳಗೆ ಕಂಪನಿಯ ಲೋಗೋ. ಅದಕ್ಕೂ ಕೆಳಗೆ ಹಸಿರು ಅಕ್ಷರದಲ್ಲಿ, ಈ ಮೇಲನ್ನು ಪ್ರಿಂಟ್ ತೆಗೆಯುವ ಮುನ್ನ ಪರಿಸರದ ಬಗ್ಗೆ ಯೋಚಿಸಿ ಎಂಬ ಉಪದೇಶ. ಗಿರಾಕಿಯ ಬಗ್ಗೆ ಯಾರೂ ಯೋಚಿಸಲಿಲ್ಲ. ಪರಿಸರಕ್ಕಾದರೂ ಆ ಭಾಗ್ಯ ಸಿಕ್ಕಿತು.

ಮೇಲು ಹೊರಟದ್ದು ದೊಡ್ಡಬಳ್ಳಾಪುರದ ಒಂದು ಸೀರೆ ಸಂಸ್ಥೆಯಿಂದ. ಬಂದು ಬಿದ್ದದ್ದು ತಿಪಟೂರಿನಲ್ಲಿ ಅಂಗಡಿ ಇಟ್ಟಿರುವ ನಮ್ಮ ಭಾವನ ಮೊಬೈಲಿಗೆ. ದಿನಾಂಕ 2025ರ ಜುಲೈ 24, ಭೀಮನ ಅಮಾವಾಸ್ಯೆ. ಮಾರನೇ ದಿನದಿಂದ ಶ್ರಾವಣ. ಆಗಸ್ಟ್ 8ರ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಆಷಾಢದಲ್ಲಿ ನೊಣ ಹೊಡೆಯುತ್ತ ಕೂತಿರುವ ಸೀರೆ ಅಂಗಡಿಯವರು ವರ್ಷದ ಉಸಿರು ಎಳೆದುಕೊಳ್ಳುವುದು ಆ ಹದಿನೈದು ದಿನಗಳಲ್ಲಿ. ಜೂನ್ 9ಕ್ಕೆ ಆರ್ಡರ್ ಕೊಟ್ಟಿದ್ದಾಗಿತ್ತು. ಜುಲೈ 21ಕ್ಕೆ ಮಾಲು ಅಂಗಡಿಗೆ ಬರಬೇಕಿತ್ತು. ಮಾಲು ಬರಲಿಲ್ಲ, ವಿಷಾದ ಬಂತು.

ಆ ಆರು ಸಾಲುಗಳಲ್ಲಿ ಇದ್ದದ್ದೇನು ಕೇಳಿ. ಡಿಸೈನ್ ನಂಬರ್, ಬಣ್ಣ, ಎಷ್ಟು, ದರ, ಮೊತ್ತ. ಆರು ಬಣ್ಣ, ಬಣ್ಣಕ್ಕೆ ಇಪ್ಪತ್ತರಂತೆ 120 ಆರ್ಟ್ ಸಿಲ್ಕ್ ಸೀರೆ. ಒಂದಕ್ಕೆ 1,400 ರೂಪಾಯಿ. ಒಟ್ಟು 1,68,000.

ಇದೆಲ್ಲ ಭಾವನಿಗೆ ಗೊತ್ತಿಲ್ಲವೇ? ಬರೆದುಕೊಟ್ಟವನೇ ಅವನು. ಅವನ ಚೀಟಿಯನ್ನೇ ಅವನ ಕೈಗೆ ವಾಪಸ್ ಇಟ್ಟು, ‘ನೋಡಿ, ನೀವು ಕೇಳಿದ್ದು ಇದು’ ಎಂದು ತಿಳಿಸಿದ್ದಾರೆ. ಅವನು ಮರೆತಿರಲಿಲ್ಲ ಸ್ವಾಮಿ. ಮರೆತವರು ನೀವು.

ಹೋಟೆಲಿನಲ್ಲಿ ಮುಕ್ಕಾಲು ಗಂಟೆ ಕಾದು ‘ಎಲ್ಲಪ್ಪಾ ದೋಸೆ’ ಎಂದರೆ, ಮಾಣಿ ಬಂದು ‘ಸಾರಿ ಸಾರ್, ನೀವು ಕೇಳಿದ್ದು ದೋಸೆ’ ಎಂದು ಹೇಳಿ ಹೋದ ಹಾಗೆ.

ಸೀರೆ ಅಂಗಡಿಯವನಿಗೆ ಆ ದಿನ ಬೇಕಿದ್ದುದು ಬಹಳವೇನಿಲ್ಲ. ಎಷ್ಟು ತಯಾರಾಗಿದೆ, ಎಷ್ಟು ಬಾಕಿ. ಬಾಕಿ ಇರುವುದು ಎಲ್ಲಿ ಸಿಕ್ಕಿಹಾಕಿಕೊಂಡಿದೆ. ಹಬ್ಬಕ್ಕೆ ಮುಂಚೆ ಬರುತ್ತದೋ ಇಲ್ಲವೋ. ಬರದಿದ್ದರೆ ಅವನು ಚಿಕ್ಕಪೇಟೆಗೆ ಓಡಿ ಬೇರೆ ಮಾಲು ತರಬೇಕು. ಅಂಟಿಸಿದ ಲಿಸ್ಟಿನಲ್ಲಿ ಇದರಲ್ಲಿ ಒಂದೂ ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ಜೂನ್ 9ರಂದು ತಯಾರಾದ ಕಾಗದದಲ್ಲಿ ಜುಲೈ 24ರ ಸುದ್ದಿ ಎಲ್ಲಿಂದ ಬರಬೇಕು?

ತಪ್ಪು ಹೇಳಿದೆ. ಒಂದು ಸುದ್ದಿ ಇತ್ತು.

ಕೊನೆಯ ಕಾಲಂ ಅಳಿಸುವುದನ್ನು ಆ ಪುಣ್ಯಾತ್ಮ ಮರೆತಿದ್ದ. ಅದರ ತಲೆಬರಹ ‘ರಿಮಾರ್ಕ್ಸ್’. ಎರಡು ಸಾಲುಗಳ ಎದುರಿಗೆ ‘ಪಾರ್ಟಿ ನಾಟ್ ಅರ್ಜೆಂಟ್’ ಎಂದಿತ್ತು. ಇಡೀ ಮೇಲಿನಲ್ಲಿ ನಿಜವಾದ ಮಾತು ಅದೊಂದೇ. ‘ಅನಿವಾರ್ಯ ಕಾರಣ’ ಯಾವುದೆಂದು ಗೊತ್ತಾಯಿತು. ಬೇರೊಬ್ಬ ಗಿರಾಕಿ ಜೋರಾಗಿ ಕೂಗಿದ್ದಾನೆ, ನಮ್ಮ ಭಾವ ಕೂಗಿಲ್ಲ. ಈ ನಾಡಿನಲ್ಲಿ ಸೌಜನ್ಯಕ್ಕೆ ಸಿಗುವ ಸರದಿ ಅದು.

ನಾನಿರುವುದು ದೊಡ್ಡಬಳ್ಳಾಪುರದಲ್ಲೇ. ‘ಸ್ವಲ್ಪ ವಿಚಾರಿಸಿ ನೋಡು ಮಾರಾಯ’ ಎಂದು ಭಾವ ಫೋನ್ ಮಾಡಿದ. ಮಾರನೇ ಬೆಳಿಗ್ಗೆ ಸ್ಕೂಟರ್ ತೆಗೆದೆ.

ಇಲ್ಲಿನ ನೇಯ್ಗೆ ಹೇಗೆ ನಡೆಯುತ್ತದೆ ಎನ್ನುವುದನ್ನು ಹೊರಗಿನವರಿಗೆ ಹೇಳಬೇಕು. ಸಂಸ್ಥೆ ಎಂದರೆ ಒಂದು ಆಫೀಸು, ಒಂದು ಗೋಡೌನು. ಮಗ್ಗಗಳು ಅಲ್ಲಿರುವುದಿಲ್ಲ. ಅವು ಗಲ್ಲಿ ಗಲ್ಲಿಯ ಮನೆಗಳಲ್ಲಿ, ಶೆಡ್ಡುಗಳಲ್ಲಿ ಚದುರಿರುತ್ತವೆ. ಸಂಸ್ಥೆಯವರು ನೂಲು, ಜರಿ, ಡಿಸೈನು ಕೊಡುತ್ತಾರೆ. ಮಗ್ಗದವರು ಕೂಲಿಗೆ ನೇಯ್ದು ಕೊಡುತ್ತಾರೆ. ನಡುವೆ ನೂಲಿಗೆ ಬಣ್ಣ ಹಾಕುವವರು ಬೇರೆ, ಹಾಸು ಮಾಡುವವರು ಬೇರೆ. ಮೇಲ್ ಬರೆದ ಗುಮಾಸ್ತನ ಮುಂದೆ ಇರುವುದು ಕಂಪ್ಯೂಟರ್ ಒಂದೇ. ಅದರಲ್ಲಿರುವುದು ಆರ್ಡರ್ ಲಿಸ್ಟ್ ಒಂದೇ. ಯಜಮಾನರು ‘ತಿಪಟೂರು ಪಾರ್ಟಿಗೆ ಒಂದು ಸಾರಿ ಮೇಲ್ ಹಾಕ್ಬಿಡೋ’ ಎಂದರು. ಅವನು ತನ್ನ ಹತ್ತಿರ ಇದ್ದದ್ದನ್ನು ಅಂಟಿಸಿದ. ಸಾರಿ ಎಂಬುದು ಎರಡು ಅರ್ಥದಲ್ಲೂ ಒಂದೇ ಸಾರಿ ಮುಗಿಯಿತು.

ಕ್ಷಮೆ ಕೇಳಲು ಮೇಲ್ ಸಾಕು. ಲೆಕ್ಕ ಹೇಳಲು ಸ್ಕೂಟರ್ ಬೇಕು.

ಇನ್ನೊಂದು ವಿಷಯವಿದೆ, ಅದು ಗುಮಾಸ್ತನಿಗೂ ಗೊತ್ತಿದ್ದಂತಿಲ್ಲ. ಗಿರಾಕಿ ಆರ್ಡರ್ ಬರೆಯುವುದು ಸೀರೆಯ ಲೆಕ್ಕದಲ್ಲಿ. ಮಗ್ಗ ನಡೆಯುವುದು ಹಾಸಿನ ಲೆಕ್ಕದಲ್ಲಿ. ಉದ್ದಕ್ಕೆ ಬರುವ ನೂಲಿಗೆ ಬಣ್ಣ ಕಟ್ಟಿಸಿ, ಹಾಸು ಮಾಡಿ, ಹಳೆಯ ಹಾಸಿನ ತುದಿಗೆ ಹೊಸದರ ಸಾವಿರಾರು ಎಳೆಗಳನ್ನು ಸೇರಿಸಿದ ಮೇಲೆ ಮಗ್ಗ ಶುರುವಾಗುತ್ತದೆ. ಆ ಹಾಸು ಮುಗಿಯುವ ತನಕ ಅದೇ ಬಣ್ಣದ ಒಡಲು ಬರುತ್ತಲೇ ಇರುತ್ತದೆ. ಹೊಕ್ಕಿನ ಕಂಡಿಕೆ ಬದಲಾಯಿಸುವುದು ಸುಲಭ, ಹಾಸು ಬದಲಾಯಿಸುವುದು ದೊಡ್ಡ ಕೆಲಸ. ಹಾಗಾಗಿ ತಡವೆನ್ನುವುದು ನೂರಿಪ್ಪತ್ತು ಸೀರೆಗಳ ಮೇಲೆ ಸಮನಾಗಿ ಹಂಚಿಹೋಗುವುದಿಲ್ಲ. ಒಂದು ಬಣ್ಣ ನಿಂತರೆ ಆ ಬಣ್ಣದ ಇಪ್ಪತ್ತೂ ನಿಲ್ಲುತ್ತವೆ. ಉಳಿದವು ತಮ್ಮ ಪಾಡಿಗೆ ಮಡಿಸಿ ಕೂತಿರುತ್ತವೆ. ‘ಆರ್ಡರ್ ತಡವಾಗಿದೆ’ ಎಂಬ ವಾಕ್ಯವೇ ಸುಳ್ಳು. ತಡವಾದದ್ದು ಎರಡು ಹಾಸು.

ಒಂದೇ ಗಂಟೆಯಲ್ಲಿ ಎಲ್ಲ ಗೊತ್ತಾಯಿತು. ನಾಲ್ಕು ಬಣ್ಣದ ಎಂಬತ್ತು ಸೀರೆ ಮುಗಿದು, ಮಡಿಕೆಯಾಗಿ, ಗೋಡೌನಿನಲ್ಲಿ ಕೂತಿದ್ದವು. ಒಂದು ವಾರದಿಂದ ಕೂತಿದ್ದವು. ‘ಎಲ್ಲ ಒಟ್ಟಿಗೆ ಕಳಿಸೋಣ ಅಂತ’ ಎಂದ ಗೋಡೌನಿನ ಹುಡುಗ. ಒಟ್ಟಿಗೆ ಕಳಿಸಿ ಎಂದು ಕೇಳಿದವರು ಯಾರು? ಯಾರೂ ಇಲ್ಲ.

ನೇರಳೆ ಬಣ್ಣದ್ದು ಮಗ್ಗವನ್ನೇ ಹತ್ತಿರಲಿಲ್ಲ.

‘ಹಾಸೇ ಬಂದಿಲ್ಲ ಸಾರ್. ಬಣ್ಣ ಒಂದೇ ಸಮ ಹಿಡಿದಿಲ್ಲ ಅಂತ ನೂಲು ವಾಪಸ್ ಕಳ್ಸವ್ರೆ. ನಾಳೆ ನಾಡಿದ್ದು ಬರ್ಬೌದು,’ ಎಂದರು ಮಗ್ಗದವರು.

‘ಬಂದ್ಮೇಲೆ ದಿನಕ್ಕೆ ಎಷ್ಟು ಬೀಳುತ್ತೆ?’

‘ಈ ಡಿಸೈನು ಎರಡು ಬೀಳ್ತದೆ. ಕರೆಂಟ್ ಇದ್ರೆ.’

ಲೆಕ್ಕ ಹಾಕಿ ನೋಡಿ. ಕಾಲ್ಕ್ಯುಲೇಟರೂ ಬೇಡ. ಹಾಸು 27ಕ್ಕೆ ಬಂದು, ಎಳೆ ಸೇರಿಸಿ ಮಗ್ಗ ಹತ್ತುವ ಹೊತ್ತಿಗೆ 28. ದಿನಕ್ಕೆ ಎರಡರಂತೆ ಇಪ್ಪತ್ತು ಸೀರೆಗೆ ಹತ್ತು ದಿನ. ಕರೆಂಟು ಒಂದು ಗಳಿಗೆಯೂ ಹೋಗಲಿಲ್ಲ ಎಂದುಕೊಂಡರೂ ಆಗಸ್ಟ್ 6. ಆಮೇಲೆ ಕತ್ತರಿಸಿ, ಮಡಿಸಿ, ಲಾರಿ ಹತ್ತಿಸಬೇಕು. ಹಬ್ಬ 8ಕ್ಕೆ. ನೇರಳೆ ಸೀರೆ ವರಮಹಾಲಕ್ಷ್ಮಿಗೆ ಸಿಗುವುದಿಲ್ಲವೆನ್ನುವುದು ಜುಲೈ 24ರಂದೇ ಬೆರಳೆಣಿಕೆಯಲ್ಲಿ ಹೇಳಬಹುದಾದ ಸತ್ಯ. ಹೇಳಲಿಲ್ಲ. ಕೇಳಿದರೆ ‘ಆದಷ್ಟು ಬೇಗ’ ಎಂದರು. ಎಷ್ಟು ಆದಷ್ಟು? ಯಾರಿಗೆ ಬೇಗ?

ಅದಕ್ಕಿಂತ ಹೊಟ್ಟೆ ಉರಿಸುವ ಮಾತು ಇನ್ನೊಂದಿದೆ. ಹಾಸು ಇನ್ನೂ ತಯಾರಾಗಿರಲಿಲ್ಲವಲ್ಲ, ಆಗಲೇ ಹೇಳಿದ್ದರೆ ಅದನ್ನು ಎರಡು ಗಿಡ್ಡ ಹಾಸುಗಳಾಗಿ ಮಾಡಿಸಿ ಎರಡು ಮಗ್ಗಕ್ಕೆ ಹಾಕಬಹುದಿತ್ತು. ಒಂದು ದಿನದ ಎಳೆ ಸೇರಿಸುವ ಕೂಲಿ ಹೆಚ್ಚಾಗುತ್ತಿತ್ತು. ಆದರೆ ಹತ್ತು ದಿನದ ಕೆಲಸ ಐದು ದಿನಕ್ಕೆ ಇಳಿಯುತ್ತಿತ್ತು. ಆಗಸ್ಟ್ 3ರ ಹೊತ್ತಿಗೆ ಸೀರೆ ತಿಪಟೂರಿನಲ್ಲಿರುತ್ತಿತ್ತು. ಒಮ್ಮೆ ಹಾಸು ಮಾಡಿ ಸುತ್ತಿಬಿಟ್ಟ ಮೇಲೆ ಆ ದಾರಿ ಮುಚ್ಚಿತು. ತಡವನ್ನು ಸರಿಮಾಡಲು ಸಿಗುವುದು ಇಂಥ ಒಂದೆರಡು ದಿನಗಳ ಕಿಂಡಿ. ಆ ಒಂದೆರಡು ದಿನ ನಮ್ಮವರು ವಿಷಾದ ವ್ಯಕ್ತಪಡಿಸುತ್ತಿದ್ದರು.

ಇನ್ನು ಆರನೇ ಬಣ್ಣ. ಇಲ್ಲಿ ಭಾವನ ಪಾಲೂ ಇದೆ, ಮುಚ್ಚಿಡುವುದಿಲ್ಲ.

ಆರ್ಡರ್ ಕೊಟ್ಟ ವಾರದ ಮೇಲೆ ಅವನಿಗೆ ಬುದ್ಧಿ ಬದಲಾಯಿತು. ಬಾಟಲ್ ಗ್ರೀನ್ ಬೇಡ, ಗಿಳಿ ಹಸಿರು ಮಾಡಿ ಎಂದು ವಾಟ್ಸಾಪ್ ಹಾಕಿದ. ಆ ಕಡೆಯಿಂದ ‘ಓಕೆ ಸರ್’ ಬಂತು, ಜೊತೆಗೊಂದು ಹೆಬ್ಬೆಟ್ಟು. ಹೆಬ್ಬೆಟ್ಟಿನ ಕಾಲ ಮುಗಿಯಿತು, ಸಾಕ್ಷರತೆ ಬಂತು ಎನ್ನುತ್ತೇವೆ. ಲಕ್ಷಾಂತರ ರೂಪಾಯಿಯ ವ್ಯವಹಾರಗಳು ಇವತ್ತಿಗೂ ಹೆಬ್ಬೆಟ್ಟಿನ ಮೇಲೇ ನಡೆಯುತ್ತಿವೆ. ಹೆಬ್ಬೆಟ್ಟು ಒತ್ತಿದವರು ಲಿಸ್ಟನ್ನು ತಿದ್ದಲಿಲ್ಲ. ಭಾವ ತಿದ್ದಿದ ಲಿಸ್ಟು ಕಳಿಸಿ ಎಂದು ಕೇಳಲಿಲ್ಲ.

ಹಾಗಾಗಿ ಕ್ಷಮೆಯ ಕೆಳಗೆ ಅಂಟಿಸಿದ್ದು ಹಳೇ ಲಿಸ್ಟು. ಅದರಲ್ಲಿ ಬಾಟಲ್ ಗ್ರೀನ್ ರಾರಾಜಿಸುತ್ತಿತ್ತು. ಯಾವ ಆರ್ಡರ್ ರದ್ದಾಗಿದೆಯೋ ಅದು ತಡವಾದದ್ದಕ್ಕೆ ಕ್ಷಮೆ ಕೇಳಿದ್ದರು!

ನಗಬೇಡಿ. ಅಂಟಿಸಿದ ಲಿಸ್ಟಿನ ನಿಜವಾದ ಅಪಾಯ ಇಲ್ಲಿದೆ. ಅದು ಬರೀ ದಂಡದ ಕಾಗದವಲ್ಲ. ನಾಳೆ ಜಗಳ ಬಂದಾಗ ‘ಜುಲೈ 24ರ ಮೇಲಿನಲ್ಲಿ ನಿಮಗೆ ಲಿಸ್ಟ್ ಕಳಿಸಿದ್ದೆವಲ್ಲ, ನೀವು ತಕರಾರು ಮಾಡಲಿಲ್ಲವಲ್ಲ’ ಎಂದು ತೋರಿಸುವುದಕ್ಕೆ ಅದು ಚೆನ್ನಾಗಿ ಒದಗುತ್ತದೆ. ವಾಟ್ಸಾಪಿನ ಮಾತು ಮೂಲೆಗೆ ಬೀಳುತ್ತದೆ, ಮೇಲಿನ ಲಿಸ್ಟು ದಾಖಲೆಯಾಗುತ್ತದೆ. ಇಂಥ ಮೇಲ್ ಬಂದಾಗ ‘ಆಯ್ತು ಬಿಡಿ, ಸಾರಿ ಕೇಳಿದ್ದಾರೆ’ ಎಂದು ಮುಚ್ಚಿಡುವವನು ತನಗೆ ಬೇಡದ ಬಣ್ಣಕ್ಕೆ ಸಹಿ ಹಾಕಿದಂತೆ. ಸಾಲು ಸಾಲಾಗಿ ತನ್ನ ಕೊನೆಯ ಮಾತಿಗೆ ತಾಳೆ ನೋಡಬೇಕು. ಒಟ್ಟು ಮೊತ್ತ ನೋಡಿದರೆ ಸಾಲದು. ಇಲ್ಲಿ ಬಣ್ಣ ಬದಲಾಗಿತ್ತು, ಮೊತ್ತ ಅಷ್ಟೇ ಇತ್ತು.

ಮಗ್ಗದ ಮನೆಗೆ ಹೋಗಿ ನೋಡಿದರೆ ಬಾಟಲ್ ಗ್ರೀನ್ ಹಾಸು ಏರಿ ಕೂತಿತ್ತು. ಎಂಟು ಸೀರೆ ಇಳಿದಿದ್ದವು. ಅಲ್ಲಿಗೇ ನಿಲ್ಲಿಸಿ ಭಾವನನ್ನು ಕೇಳಿದ್ದರೆ, ಎಂಟು ತಗೊಳ್ಳುತ್ತಿದ್ದನೇನೋ, ಮಿಕ್ಕ ಹಾಸು ಬೇರೆ ಯಾರಿಗಾದರೂ ಆಗುತ್ತಿತ್ತು. ಕೇಳುವುದಕ್ಕೆ ಮೇಲಿನಲ್ಲಿ ಜಾಗ ಇರಲಿಲ್ಲ. ಪರಿಸರದ ಉಪದೇಶ ಬಂದು ಕೂತಿತ್ತಲ್ಲ.

ಇವರಿಗೆ ಸರಿಯಾದ ಮೇಲ್ ಬರೆಯಲು ಬರುವುದಿಲ್ಲ ಎಂದುಕೊಂಡಿರಾ? ಛೆ. ಬಾಕಿ ವಸೂಲಿಯ ಮೇಲ್ ಓದಿ ನೋಡಿ.

ಅದೇ ಸಂಸ್ಥೆಯಿಂದ ಅದೇ ಭಾವನಿಗೆ ಹಿಂದಿನ ದೀಪಾವಳಿಯ ಮಾಲಿಗೆ ಬಂದಿದ್ದ ಮೇಲ್ ನನಗೆ ತೋರಿಸಿದ. ಆಹಾ, ಎಂಥ ಗದ್ಯ! ಬಿಲ್ ನಂಬರ್, ಬಿಲ್ ದಿನಾಂಕ, ಮಾಲು ತಲುಪಿದ ದಿನಾಂಕ, ಬಂದ ಹಣ, ಬಾಕಿ ಹಣ, ಬಾಕಿಯಾಗಿ ಎಷ್ಟು ದಿನ. ಎಲ್ಲವೂ ಪೈಸೆಗೆ ಪೈಸೆ. ಕೊನೆಯಲ್ಲಿ ಕಾನೂನಿನ ಪಾಠ ಬೇರೆ. ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಹಣವನ್ನು ಒಪ್ಪಂದ ಇದ್ದರೂ 45 ದಿನ ಮೀರಿಸುವಂತಿಲ್ಲ ಎಂದು 2006ರ ಎಂಎಸ್‌ಎಂಇ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಆದಾಯ ತೆರಿಗೆಯಲ್ಲಿ ಆಗ 43ಬಿ(ಎಚ್) ಎಂಬ ಇನ್ನೊಂದು ಕೊಕ್ಕೆಯೂ ಇತ್ತು. ಅಷ್ಟನ್ನೂ ತಪ್ಪಿಲ್ಲದೆ ಬರೆದಿದ್ದರು. ಆ ಮೇಲಿನಲ್ಲಿ ‘ಆದಷ್ಟು ಬೇಗ’ ಎಂಬುದು ಎಲ್ಲೂ ಇರಲಿಲ್ಲ. ತಾರೀಖು ಇತ್ತು.

ತಪ್ಪೇನೂ ಇಲ್ಲ. ಮಗ್ಗದ ಕಸುಬಿನವರ ಹಣ ಅಂಗಡಿಯವರು ಆಡಿಸುವುದು ನಿಜ, ಕಾನೂನು ಬಂದದ್ದೂ ಅದಕ್ಕೇ. ನನ್ನ ಪ್ರಶ್ನೆ ಇಷ್ಟೇ. ಬರಬೇಕಾದ ರೂಪಾಯಿ ಎಲ್ಲಿದೆ, ಎಷ್ಟು ದಿನವಾಯಿತು ಎಂದು ಗೊತ್ತಿರುವ ಆಫೀಸಿಗೆ, ಕೊಡಬೇಕಾದ ಸೀರೆ ಎಲ್ಲಿದೆ ಎಂದು ಯಾಕೆ ಗೊತ್ತಿರುವುದಿಲ್ಲ? ಅದೇ ಎಕ್ಸೆಲ್, ಅದೇ ಗುಮಾಸ್ತ, ಅದೇ ಕುರ್ಚಿ.

ನಮ್ಮ ಜಿಲ್ಲೆಯ ಸ್ಥಿತಿಯನ್ನೂ ನೋಡಿ. ಹೊಸಕೋಟೆಯ ಸುತ್ತ, ನೆಲಮಂಗಲದ ಸುತ್ತ ಹೊಲ ಇದ್ದಲ್ಲೆಲ್ಲ ಈಗ ಗೋಡೌನು. ಮುನ್ನೂರು ರೂಪಾಯಿಯ ಚಪ್ಪಲಿ ತರಿಸಿದರೂ ಅದು ಎಷ್ಟು ಗಂಟೆಗೆ ಗೋಡೌನ್ ಬಿಟ್ಟಿತು ಎಂದು ಮೊಬೈಲು ಹೇಳುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಹತ್ತುವ ಪ್ರತಿ ರವಾನೆಗೂ ಹನ್ನೊಂದು ಅಂಕಿಯ ಏರ್‌ವೇ ಬಿಲ್ ನಂಬರ್ ಇರುತ್ತದೆ. ಇವೆರಡರ ಮಧ್ಯೆ ಕೂತ ನಮ್ಮೂರಿನಲ್ಲಿ ಒಂದೂಮುಕ್ಕಾಲು ಲಕ್ಷದ ಸೀರೆಗೆ ಸಿಗುವುದು ‘ಪ್ರೋಸೆಸ್‌ನಲ್ಲಿದೆ ಸರ್’.

25ರ ಸಂಜೆ ನಾನೂ ಭಾವನೂ ಸೇರಿ ಅವರಿಗೆ ಒಂದು ಉತ್ತರ ಬರೆದೆವು. ಬರೆಯುವಾಗ ನನಗೆ ಅನಿಸಿತು, ಇದನ್ನು ಅವರೇ ನಮಗೆ ಬರೆಯಬೇಕಿತ್ತಲ್ಲ ಎಂದು. ಅವರ ಪರವಾಗಿ ಬರೆದೂ ನೋಡಿದೆ. ಹೀಗೆ:

‘ನಿಮ್ಮ 120 ಸೀರೆಗಳಲ್ಲಿ 80 ತಯಾರಿವೆ: ಮರೂನ್, ಅರಿಶಿನ, ರಾಣಿ ಪಿಂಕ್, ಕಾಪರ್ ಸಲ್ಫೇಟ್. ನೀವು ಒಪ್ಪಿದರೆ ನಾಳೆಯೇ ಕಳಿಸುತ್ತೇವೆ, ಎರಡನೇ ಸಲದ ಲಾರಿ ಬಾಡಿಗೆ ನಮ್ಮದು. ನೇರಳೆ 20ಕ್ಕೆ ಬಣ್ಣ ಸರಿಯಾಗಲಿಲ್ಲ, ನೂಲು ಮತ್ತೆ ಬಣ್ಣಕ್ಕೆ ಹೋಗಿದೆ. ಎರಡು ಮಗ್ಗಕ್ಕೆ ಹಾಕಿದರೆ ಆಗಸ್ಟ್ 3ಕ್ಕೆ ನಿಮ್ಮ ಅಂಗಡಿಯಲ್ಲಿರುತ್ತದೆ. ಆಗಸ್ಟ್ 1ರ ಹೊತ್ತಿಗೆ ಆಗುವುದಿಲ್ಲ ಎಂದು ಗೊತ್ತಾದರೆ ಅಂದೇ ಫೋನ್ ಮಾಡುತ್ತೇವೆ. ಹಸಿರಿನಲ್ಲಿ ತಪ್ಪು ನಮ್ಮದು: ನೀವು ಗಿಳಿ ಹಸಿರು ಎಂದಿದ್ದಿರಿ, ನಾವು ಬಾಟಲ್ ಗ್ರೀನ್ ಹಾಕಿದ್ದೇವೆ. ಎಂಟು ಆಗಿದೆ, ಮಗ್ಗ ನಿಲ್ಲಿಸಿದ್ದೇವೆ. ಎಂಟು ಬೇಕೇ, ಎಲ್ಲ ರದ್ದು ಮಾಡಬೇಕೇ, ನಾಳೆ ಮಧ್ಯಾಹ್ನದೊಳಗೆ ಹೇಳಿ. ಕ್ಷಮಿಸಿ.’

ಓದಿದರೆ ಒಂದು ನಿಮಿಷವಿಲ್ಲ. ‘ಕ್ಷಮಿಸಿ’ ಕೊನೆಗೆ ಒಂದೇ ಸಲ ಬಂದಿದೆ, ಅದಕ್ಕೊಂದು ತೂಕವೂ ಇದೆ. ಅನಿವಾರ್ಯ ಕಾರಣ, ತಮಗಾದ ತೊಂದರೆ, ವಿಷಾದ ಎಲ್ಲ ಬಿಟ್ಟುಹೋಗಿವೆ. ಯಾರೂ ಅವನ್ನು ಹುಡುಕುವುದಿಲ್ಲ.

ಯಾಕೆ ಬರೆಯುವುದಿಲ್ಲ ಎಂದು ಊರಿನ ಒಬ್ಬ ಹಳೇ ವ್ಯಾಪಾರಿಯನ್ನು ಕೇಳಿದೆ. ‘ತಾರೀಖು ಬರ್ದುಕೊಟ್ರೆ ಹಿಡ್ಕೋತಾರೆ ಕಣಯ್ಯ,’ ಎಂದರು. ಅಷ್ಟು ಸರಳ. ಲಿಸ್ಟು ಅಂಟಿಸಿದರೆ ಯಾರೂ ಹಿಡಿಯಲಾರರು. ಅದರಲ್ಲಿ ಮಾತು ಕೊಟ್ಟಿಲ್ಲ. ಉದ್ದ ಮಾತ್ರ ಇದೆ. ಮೂರು ಸಾಲಿನ ಮೇಲ್ ಕಳಿಸಲು ನಾಚಿಕೆ, ಹತ್ತು ಸಾಲಾದರೆ ಏನೋ ಕೆಲಸ ನಡೆದಿದೆ ಎಂಬ ಭ್ರಮೆ. ಅಂಟಿಸಿದ್ದು ಅದಕ್ಕೆ.

ನಮ್ಮ ಉತ್ತರಕ್ಕೆ ಅವರ ಉತ್ತರ 28ಕ್ಕೆ ಬಂತು. ಫೋನಿನಲ್ಲಿ. ‘ಮಾಲು ಹೊರಟಿದೆ ಸರ್.’

ಹೊರಟಿದೆ ಎನ್ನುವ ಮಾತನ್ನು ಇವತ್ತಿನ ದಿನ ನಂಬಬೇಕಿಲ್ಲ, ಪರೀಕ್ಷಿಸಬಹುದು. ಐವತ್ತು ಸಾವಿರ ರೂಪಾಯಿ ದಾಟಿದ ಸರಕು ರಸ್ತೆಗಿಳಿಯಬೇಕಾದರೆ ಇ-ವೇ ಬಿಲ್ ಬೇಕು. ರಾಜ್ಯದೊಳಗಿನ ಸಾಗಣೆಗೂ ಅದನ್ನು 2018ರ ಏಪ್ರಿಲ್ 1ರಿಂದ, ದೇಶದಲ್ಲೇ ಮೊದಲು, ಜಾರಿಗೆ ತಂದ ರಾಜ್ಯ ನಮ್ಮದು. ಬಿಲ್ಲಿಗೆ ಎರಡು ಭಾಗ. ‘ಎ’ ಭಾಗದಲ್ಲಿ ಸರಕಿನ ವಿವರ, ‘ಬಿ’ ಭಾಗದಲ್ಲಿ ಗಾಡಿ ನಂಬರ್. ‘ಎ’ ಮಾತ್ರ ತುಂಬಿದರೆ ಸಿಗುವುದು ಒಂದು ಸ್ಲಿಪ್. ಗಾಡಿ ನಂಬರ್ ಬಿದ್ದ ಮೇಲೇ ಅದು ಓಡಾಡಲು ಯೋಗ್ಯವಾದ ಬಿಲ್ಲು, ಹನ್ನೆರಡು ಅಂಕಿಯದು. ಇನ್ನೂರು ಕಿಲೋಮೀಟರಿಗೆ ಒಂದು ದಿನದ ಆಯಸ್ಸು. ದೊಡ್ಡಬಳ್ಳಾಪುರದಿಂದ ತಿಪಟೂರು ಅದಕ್ಕಿಂತ ಹತ್ತಿರ. ಇವತ್ತು ಬಿಲ್ ಆದರೆ ನಾಳೆ ಮಧ್ಯರಾತ್ರಿಯೊಳಗೆ ಮಾಲು ಮುಟ್ಟಲೇಬೇಕು.

‘ಬಹಳ ಸಂತೋಷ. ಇ-ವೇ ಬಿಲ್ ನಂಬರ್ ಕೊಡಿ,’ ಎಂದ ಭಾವ.

‘ವಾಟ್ಸಾಪ್ ಮಾಡ್ತೀನಿ ಸರ್.’

ಮಾಡಿದರು. ಆರ್ಡರ್ ಲಿಸ್ಟು. ಅದೇ ಆರು ಸಾಲು, ಅದೇ ಬಾಟಲ್ ಗ್ರೀನ್. ಈ ಸಲ ರಿಮಾರ್ಕ್ಸ್ ಕಾಲಂ ಅಳಿಸಿದ್ದರು. ಕಲಿತಿದ್ದು ಅಷ್ಟು.

ಭಾವನ ಜಿಎಸ್‌ಟಿ ನಂಬರ್ ಹಾಕಿ ಯಾರೇ ಇ-ವೇ ಬಿಲ್ ಮಾಡಿದರೂ ಅವನ ಪೋರ್ಟಲಿನಲ್ಲಿ ಕಾಣಿಸುತ್ತದೆ. ತೆಗೆದು ನೋಡಿದರೆ ಖಾಲಿ. ಮಾಲು ಹೊರಟಿತ್ತು, ಯಜಮಾನರ ಬಾಯಿಂದ ಮಾತ್ರ. ಎಂಬತ್ತು ಸೀರೆ 31ಕ್ಕೆ ಬಂದವು. ಉಳಿದ ನಲವತ್ತು, ಹಬ್ಬ ಮುಗಿದು ಕಳಶ ಇಳಿಸಿದ ಮೇಲೆ, ಆಗಸ್ಟ್ 11ರ ಸೋಮವಾರ ಬಂದವು. ಇಪ್ಪತ್ತು ನೇರಳೆ, ಇಪ್ಪತ್ತು ಬಾಟಲ್ ಗ್ರೀನ್. ಎಂಟಕ್ಕೆ ನಿಲ್ಲಿಸಬಹುದಾಗಿದ್ದ ಹಾಸನ್ನು ನಿಷ್ಠೆಯಿಂದ ಕೊನೆಯ ಎಳೆಯ ತನಕ ನೇಯ್ದು ಕಳಿಸಿದ್ದರು.

ಸಾಮಾನ್ಯವಾಗಿ ಇಲ್ಲಿಗೆ ಕಥೆ ಮುಗಿಯುತ್ತದೆ. ಅಂಗಡಿಯವನು ಗೊಣಗುತ್ತ ಮಾಲು ಒಳಗಿಟ್ಟುಕೊಳ್ಳುತ್ತಾನೆ. ಕಾನೂನು ಗೊಣಗಾಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 1872ರ ಕರಾರು ಕಾಯ್ದೆಯ 55ನೇ ಸೆಕ್ಷನ್ ನೋಡಿ. ಹೇಳಿದ ಹೊತ್ತಿಗೇ ಆಗಬೇಕು ಎಂಬುದು ಕರಾರಿನ ಜೀವಾಳವಾಗಿದ್ದು, ತಡವಾಗಿ ಬಂದದ್ದನ್ನು ನೀವು ಒಪ್ಪಿಕೊಂಡರೆ, ಒಪ್ಪಿಕೊಳ್ಳುವಾಗಲೇ ‘ನಷ್ಟ ಕೇಳುತ್ತೇನೆ’ ಎಂದು ತಿಳಿಸಿರಬೇಕು. ಸುಮ್ಮನೆ ಸಹಿ ಹಾಕಿ ಇಳಿಸಿಕೊಂಡರೆ ಆಮೇಲೆ ತಡದ ನಷ್ಟ ಕೇಳುವಂತಿಲ್ಲ. ಹಬ್ಬದ ಮಾಲಿಗಿಂತ ಹೊತ್ತು ಮುಖ್ಯವಾದದ್ದು ಬೇರೇನಿದೆ? ಆದರೆ ಅದನ್ನು ಆರ್ಡರಿನಲ್ಲೇ ‘ವರಮಹಾಲಕ್ಷ್ಮಿಗೆ ಮುಂಚೆ’ ಎಂದು ಬರೆದಿದ್ದರೆ ಕೈ ಗಟ್ಟಿ. ಭಾವ ಬರೆದಿದ್ದ. ಅವನು ಮಾಡಿದ ಒಂದೇ ಬುದ್ಧಿವಂತಿಕೆ.

ಇನ್ನೊಂದು ಅಸ್ತ್ರ ಅವರೇ ಕೊಟ್ಟಿದ್ದರು. ಅವರು ವಸೂಲಿಯ ಮೇಲಿನಲ್ಲಿ ಪಾಠ ಮಾಡಿದ್ದ ಅದೇ ಎಂಎಸ್‌ಎಂಇ ಕಾಯ್ದೆಯಲ್ಲಿ, ಅವರು ಓದದೆ ಬಿಟ್ಟ ಒಂದು ಸಾಲಿದೆ. ಮಾಲು ತಲುಪಿದ 15 ದಿನದೊಳಗೆ ಗಿರಾಕಿ ಬರಹದಲ್ಲಿ ಆಕ್ಷೇಪ ಎತ್ತಿದರೆ, ಮಾಲು ಒಪ್ಪಿದ ದಿನ ಎಂದು ಲೆಕ್ಕವಾಗುವುದು ಮಾರುವವನು ಆ ಆಕ್ಷೇಪವನ್ನು ಸರಿಪಡಿಸಿದ ದಿನ. ಅಂದರೆ 45 ದಿನದ ಗಡಿಯಾರ ಅಲ್ಲಿಯತನಕ ಶುರುವಾಗುವುದೇ ಇಲ್ಲ. ಬಾಯಲ್ಲಿ ಬೈದರೆ ನಡೆಯದು. ಬರಹ ಬೇಕು.

ಆಗಸ್ಟ್ 12ರ ಬೆಳಿಗ್ಗೆ ಭಾವ ನಾಲ್ಕು ಸಾಲಿನ ಮೇಲ್ ಹಾಕಿದ. ನೇರಳೆ 20 ಇಟ್ಟುಕೊಂಡಿದ್ದೇನೆ, ಹಬ್ಬ ತಪ್ಪಿದ ನಷ್ಟ ಕೇಳುವ ಹಕ್ಕು ಕಾದಿರಿಸಿದ್ದೇನೆ. ಬಾಟಲ್ ಗ್ರೀನ್ 20 ನಾನು ಕೇಳಿದ್ದಲ್ಲ, ಜೂನ್ ತಿಂಗಳ ವಾಟ್ಸಾಪ್ ಲಗತ್ತಿಸಿದೆ, ಇದು ನನ್ನ ಬರಹದ ಆಕ್ಷೇಪ. ಸರಿಪಡಿಸುವ ತನಕ ಈ ಬಿಲ್ಲಿನ ದಿನಗಳ ಲೆಕ್ಕ ಶುರುವಾಗಿಲ್ಲ ಎಂದು ತಿಳಿಯುವುದು. ವಿಷಾದ ಗಿಷಾದ ಏನೂ ಹಾಕಲಿಲ್ಲ. ಲಿಸ್ಟೂ ಅಂಟಿಸಲಿಲ್ಲ.

ಜುಲೈ 21ರಿಂದ ಒಂದು ಸಲವಾದರೂ ತಾವಾಗಿ ಫೋನ್ ಎತ್ತಿ ಬಾಕಿ ಲೆಕ್ಕ ಹೇಳದಿದ್ದ ಸಂಸ್ಥೆಯಿಂದ, ಮಧ್ಯಾಹ್ನದ ಊಟಕ್ಕೆ ಮುಂಚೆ ಯಜಮಾನರೇ ಫೋನ್ ಮಾಡಿದರು. ಧ್ವನಿಯಲ್ಲಿ ನಿಜವಾದ ನೋವಿತ್ತಂತೆ.

‘ಏನ್ ಸಾರ್ ಇದು, ಇಷ್ಟು ವರ್ಷದ ವ್ಯವಹಾರ. ಇಂಥದ್ದನ್ನೆಲ್ಲ ಮೇಲ್‌ನಲ್ಲಿ ಬರೀತಾರಾ? ಒಂದು ಮಾತು ಫೋನ್ ಮಾಡಿ ಹೇಳಿದ್ರೆ ಆಗ್ತಿರಲಿಲ್ವಾ?’